ಬಾಗಿದ ಮೆಟ್ಟಿಲಿಗೆ ಹ್ಯಾಂಡ್‌ರೈಲ್: ರೈನೋದಲ್ಲಿ ತಿರುಚದೆ, ತೆಳ್ಳಗಾಗದೆ ಸ್ವೀಪ್ ಮಾಡುವುದು

ಬಾಗಿದ ಮೆಟ್ಟಿಲಿನ ಹ್ಯಾಂಡ್‌ರೈಲ್ ಫೈಲ್ ಕಳಿಸಿ "ಇದು ಯಾಕೆ ಹೀಗಾಯ್ತು" ಅಂತ ಕೇಳುವವರು ಜಾಸ್ತಿ ಆಗಿದ್ದಾರೆ. ಫೈಲ್ ತೆಗೆದು ನೋಡಿದರೆ ಹೆಚ್ಚುಕಡಿಮೆ ಮೂರೇ ತಪ್ಪು. ಒಂದು, ರೈಲು ಮೇಲೆ ಹೋಗ್ತಾ ಹೋಗ್ತಾ ಮಗುಚಿಕೊಳ್ಳುತ್ತದೆ, ಕೆಳಗೆ ಅಂಗೈ ಇಡುವ ಮುಖ ಮೇಲೆ ಹೋಗುವಷ್ಟರಲ್ಲಿ ಗೋಡೆ ಕಡೆ ತಿರುಗಿರುತ್ತದೆ. ಎರಡು, ಪ್ರೊಫೈಲ್ ಬರೆದಾಗ ಇದ್ದ ದಪ್ಪ ರೈಲಿನಲ್ಲಿ ಇರುವುದಿಲ್ಲ. ಮೂರು, ಇಳಿಜಾರು ಮುಗಿದು ಸಮಮಟ್ಟ ಶುರುವಾಗುವ ಜಾಗದಲ್ಲಿ ಮೇಲ್ಮೈ ಸುಕ್ಕಾಗಿರುತ್ತದೆ.

ದಪ್ಪ ಕಡಿಮೆಯಾಗುವುದಕ್ಕೆ ಪ್ರೊಫೈಲ್ ಬರೆದ ಪ್ಲೇನ್ ಕಾರಣ, ಸುಕ್ಕಿಗೆ ತೀರಾ ಬಿಗಿಯಾದ ಬಾಗು ಕಾರಣ, ಅವೆರಡೂ ಮುಂದೆ ಬರುತ್ತವೆ. ಮಗುಚುವುದಕ್ಕೆ, ವಾಲುವುದಕ್ಕೆ ಮೂಲ ಗೆರೆಗಳಲ್ಲೇ ಇದೆ. ಒಳಗಿನ ಗೈಡ್ ಗೆರೆಯನ್ನೂ ಹೊರಗಿನ ಗೈಡ್ ಗೆರೆಯನ್ನೂ ಬೇರೆ ಬೇರೆಯಾಗಿ ಎಳೆದಿರುತ್ತಾರೆ, ಇಲ್ಲವೇ ಒಂದೇ ಗೆರೆ ಇಟ್ಟುಕೊಂಡು ಉಳಿದದ್ದನ್ನು ಸಾಫ್ಟ್‌ವೇರಿಗೆ ಬಿಟ್ಟಿರುತ್ತಾರೆ. ಎರಡೂ ಗೆರೆ ಒಂದೇ ಎತ್ತರದ ಲೆಕ್ಕದಿಂದ ಹುಟ್ಟಬೇಕು. ಅಂದರೆ ಮೆಟ್ಟಿಲಿನ ನಡುಬಿಂದುವಿನಿಂದ ಯಾವುದೇ ಕೋನದಲ್ಲಿ ನೋಡಿದರೂ ಒಳಗೆರೆ, ಹೊರಗೆರೆ ಎರಡೂ ಒಂದೇ ಎತ್ತರದಲ್ಲಿರಬೇಕು. ಇದನ್ನು ಸಾಧಿಸಿಕೊಂಡರೆ `Sweep2` ಕೆಲಸ ಎರಡು ನಿಮಿಷದ್ದು.

ಒಂದು ಮಾತು ಮೊದಲೇ ಹೇಳಿಬಿಡ್ತೇನೆ. ನಿಮ್ಮ ರೈಲು ಗುಂಡು ಸ್ಟೀಲ್ ಪೈಪ್ ಆಗಿದ್ದರೆ ಇಷ್ಟು ಕಷ್ಟ ಬೇಡ. ವೃತ್ತ ತಿರುಚಿದರೂ ಕಾಣುವುದಿಲ್ಲ, ನಡುಗೆರೆ ಎಳೆದು `Pipe` ಕೊಟ್ಟರೆ ಸಾಕು. ಇಲ್ಲಿ ಹೇಳುವುದೆಲ್ಲ ಮೇಲೆ-ಕೆಳಗೆ ಅನ್ನೋ ಗುರುತಿರುವ ಪ್ರೊಫೈಲಿಗೆ, ಮುಖ್ಯವಾಗಿ ಮರದ ರೈಲಿಗೆ.

## ಶುರು ಮಾಡುವ ಮುಂಚೆ

ರೈನೋ 7 ಅಥವಾ 8 ಇದ್ದರೆ ಸಾಕು, ಪ್ಲಗಿನ್ ಯಾವುದೂ ಬೇಡ. ಫೈಲಿನ ಅಳತೆ ಮಿಲಿಮೀಟರಿನಲ್ಲಿರಲಿ, ಟಾಲರೆನ್ಸ್ 0.01 ಇರಲಿ. ಮೆಟ್ಟಿಲಿನ ವೃತ್ತದ ನಡುಬಿಂದುವನ್ನು ತಂದು 0,0,0ಗೆ ಕೂರಿಸಿ. ಸೈಟ್ ಸರ್ವೆ ಡ್ರಾಯಿಂಗಿನಿಂದ ಬಂದ ಫೈಲಾದರೆ ಮೆಟ್ಟಿಲು ಮೂಲಬಿಂದುವಿನಿಂದ ಎಷ್ಟೋ ಕಿಲೋಮೀಟರ್ ದೂರ ಇರುತ್ತದೆ. ಅಲ್ಲೇ ಕೆಲಸ ಮಾಡಿದರೆ ಆಮೇಲೆ `Join` ಆಗಲ್ಲ, `Cap` ಆಗಲ್ಲ, ಕಾರಣವೂ ಗೊತ್ತಾಗಲ್ಲ.

ಜೊತೆಗೆ ಕಾಗದ, ಪೆನ್ಸಿಲ್, ಕ್ಯಾಲ್ಕುಲೇಟರ್ ಬೇಕು. ಮೊದಲ ಎರಡು ಹಂತ ಕಾಗದದ ಮೇಲೇ ಆಗುವುದು.

## ಹಂತ 1: ಒಂದು ಡಿಗ್ರಿಗೆ ಎಷ್ಟು ಏರುತ್ತದೆ ಅಂತ ಹಿಡಿಯಿರಿ

ಒಂದು ಮನೆಯ ಮೆಟ್ಟಿಲನ್ನೇ ಕೊನೆತನಕ ತೆಗೆದುಕೊಂಡು ಹೋಗೋಣ. ಮಹಡಿಯಿಂದ ಮಹಡಿಗೆ 3060 ಮಿ.ಮೀ. 170ರಂತೆ 18 ರೈಸರ್. ನಡುವೆ 17 ಟ್ರೆಡ್, ಪ್ರತಿ ಟ್ರೆಡ್ 10 ಡಿಗ್ರಿ. ಒಟ್ಟು 170 ಡಿಗ್ರಿ ಸುತ್ತು, ಅರ್ಧ ವೃತ್ತಕ್ಕೆ ಸ್ವಲ್ಪ ಕಡಿಮೆ. ಒಳಗಿನ ಹ್ಯಾಂಡ್‌ರೈಲ್ ಮಾಡುತ್ತಿದ್ದೇವೆ, ಅದರ ನಡುಗೆರೆಯ ತ್ರಿಜ್ಯ 1050. ರೈಲಿನ ಅಗಲ 60. ಹಾಗಾಗಿ ಒಳಗೆರೆ 1020 ತ್ರಿಜ್ಯದಲ್ಲಿ, ಹೊರಗೆರೆ 1080 ತ್ರಿಜ್ಯದಲ್ಲಿ.

10 ಡಿಗ್ರಿಗೆ 170 ಏರಿದರೆ ಒಂದು ಡಿಗ್ರಿಗೆ 17 ಮಿ.ಮೀ. ಈ 17 ಅನ್ನೋ ಸಂಖ್ಯೆಯೇ ಇಡೀ ಕೆಲಸದ ಆಧಾರ. ಇದು ತ್ರಿಜ್ಯದ ಮೇಲೆ ನಿಂತಿಲ್ಲ, ಒಳಗೆರೆಗೂ ಅದೇ, ಹೊರಗೆರೆಗೂ ಅದೇ. ಆದರೆ ಇಳಿಜಾರಿನ ಕೋನ ಮಾತ್ರ ಒಂದೇ ಅಲ್ಲ. ಒಳಗೆರೆ ಗಿಡ್ಡ ದಾರಿಯಲ್ಲಿ ಅಷ್ಟೇ ಎತ್ತರ ಹತ್ತಬೇಕು, ಹಾಗಾಗಿ ಅದು 43.7 ಡಿಗ್ರಿ ಕಡಿದು. ಹೊರಗೆರೆ 42 ಡಿಗ್ರಿ. ನಡುಗೆರೆ 42.9. ಬರೀ 60 ಮಿ.ಮೀ. ಅಗಲದಲ್ಲೇ ಒಂದೂವರೆ ಡಿಗ್ರಿಗಿಂತ ಜಾಸ್ತಿ ವ್ಯತ್ಯಾಸ!

ಒಳಗೆರೆಯನ್ನು ಎಳೆದು ಅದನ್ನೇ `Offset` ಮಾಡಿ ಹೊರಗೆರೆ ತೆಗೆಯಲು ಹೋಗುವವರು ಎಡವುವುದು ಇಲ್ಲಿಯೇ. `Offset` ಸಮತಟ್ಟಾದ ಗೆರೆಗೆ ಮಾಡಿದ ಕಮಾಂಡ್. ಏರುತ್ತಾ ಬಾಗುವ ಗೆರೆಗೆ ಕೊಟ್ಟರೆ ಎರಡು ಗೆರೆಯ ಎತ್ತರ ಹೊಂದುತ್ತದೆ ಅನ್ನುವ ಭರವಸೆ ಇಲ್ಲ.

ಕೋನದ ಗುರುತು ಹೀಗಿರಲಿ: ಮೊದಲ ಮೆಟ್ಟಿಲಿನ ನೋಸಿಂಗ್, ಅಂದರೆ ಅದರ ಮುಂಚಾಚಿದ ಅಂಚು, 0 ಡಿಗ್ರಿ. ಅದರ ಎತ್ತರ ನೆಲದಿಂದ 170. ಮೇಲಿನ ಮಹಡಿಯ ಅಂಚು 170 ಡಿಗ್ರಿ, ಎತ್ತರ 3060. ನೋಸಿಂಗಿನಿಂದ ನೇರ ಮೇಲಕ್ಕೆ 900ಕ್ಕೆ ಗೈಡ್ ಗೆರೆ ಅಂದುಕೊಂಡರೆ ಗೆರೆ 1070ರಿಂದ 3960ರವರೆಗೆ ಹತ್ತುತ್ತದೆ. ನಿಮ್ಮ ಊರಿನ ಕಟ್ಟಡ ನಿಯಮ ಬೇರೆ ಎತ್ತರ ಕೇಳಿದರೆ 900ರ ಜಾಗದಲ್ಲಿ ಅದನ್ನು ಹಾಕಿ.

## ಹಂತ 2: ಮಟ್ಟಕ್ಕೆ ಹೊರಳುವ ಬಾಗನ್ನು ಲೆಕ್ಕದಲ್ಲೇ ಸೇರಿಸಿ

ಇಳಿಜಾರು ಗೆರೆ ಬಂದು ಮಹಡಿಯಲ್ಲಿ ತಟ್ಟನೆ ಮಟ್ಟವಾದರೆ ಅಲ್ಲೊಂದು ಮುರಿವು ಬರುತ್ತದೆ. ಅದನ್ನು ಆಮೇಲೆ `BlendCrv` ಹಾಕಿ ಸರಿಮಾಡೋಣ ಅಂತ ಬಿಡುತ್ತಾರೆ. ಬಿಡಬೇಡಿ. ಒಳಗೆರೆಗೆ ಒಂದು ಬ್ಲೆಂಡ್, ಹೊರಗೆರೆಗೆ ಇನ್ನೊಂದು ಬ್ಲೆಂಡ್ ಅಂತ ಹಾಕಿದ ಕೂಡಲೇ ಎರಡರ ಎತ್ತರ ಬೇರೆಯಾಗುತ್ತದೆ, ಆ ಜಾಗದಲ್ಲಿ ರೈಲು ಒಂದು ಪಕ್ಕಕ್ಕೆ ವಾಲುತ್ತದೆ. ವಾಲಿದ್ದು ಕಂಪ್ಯೂಟರಿನಲ್ಲಿ ಅಷ್ಟಾಗಿ ಕಾಣಲ್ಲ. ಮರದಲ್ಲಿ ಕೈಯಿಟ್ಟರೆ ತಕ್ಷಣ ಗೊತ್ತಾಗುತ್ತದೆ.

ಬಾಗನ್ನು ಎಲ್ಲಿಂದ ಶುರು ಮಾಡುತ್ತೀರಿ ಅನ್ನುವುದೂ ಮುಖ್ಯ. ಸಾಮಾನ್ಯವಾಗಿ ಮುರಿವಿನ ಎರಡೂ ಕಡೆ ಸಮವಾಗಿ ಬಾಗಿಸುತ್ತಾರೆ, ಆಚೆ 10 ಡಿಗ್ರಿ, ಈಚೆ 10 ಡಿಗ್ರಿ. ಆಗ ಮಹಡಿಯ ಅಂಚಿನ ಮೇಲೆ ರೈಲು 42 ಮಿ.ಮೀ. ಕೆಳಗಿಳಿಯುತ್ತದೆ, ಅಂದರೆ 900 ಇರಬೇಕಾದ ಕಡೆ 858ಕ್ಕಿಂತ ಕಡಿಮೆ. ಮೇಲಿನ ಅಂಚಿನಲ್ಲಿ, ಬೀಳುವ ಭಯ ಎಲ್ಲಕ್ಕಿಂತ ಜಾಸ್ತಿ ಇರುವ ಕಡೆಯೇ, ರೈಲು ತಗ್ಗು. ಇದು ಸರಿಯಲ್ಲ.

ನಾನು ಮಾಡುವುದು ಹೀಗೆ. ಕೊನೆಯ ನೋಸಿಂಗ್ ದಾಟುವ ತನಕ ರೈಲು ನೇರ ಇಳಿಜಾರಿನಲ್ಲೇ ಹತ್ತಲಿ. 170 ಡಿಗ್ರಿ ದಾಟಿದ ಮೇಲೆ ಬಾಗಲು ಶುರು ಮಾಡಿ 182ರಲ್ಲಿ ಮಟ್ಟವಾಗಲಿ. ಈ 12 ಡಿಗ್ರಿಯಲ್ಲಿ ಏರಿಕೆ 17ರಿಂದ ಸೊನ್ನೆಗೆ ಸಮವಾಗಿ ಇಳಿಯುತ್ತದೆ, ಸರಾಸರಿ ಎಂಟೂವರೆ. 12 ಸಲ ಎಂಟೂವರೆ 102. ಹಾಗಾಗಿ ಮಹಡಿಯ ಮೇಲಿನ ರೈಲು 900ಕ್ಕೆ 102 ಸೇರಿ 1002ಕ್ಕೆ ನಿಲ್ಲುತ್ತದೆ. ಮಹಡಿಯ ಕಟಕಟೆ ಮೆಟ್ಟಿಲಿನ ರೈಲಿಗಿಂತ ಎತ್ತರ ಇರುವುದು ಹೇಗೂ ಬೇಕಾದ್ದೇ, ಅಲ್ವಾ? ಕೆಳಗೂ ಇದೇ ಲೆಕ್ಕ ಉಲ್ಟಾ: ಮೈನಸ್ 12 ಡಿಗ್ರಿಯಿಂದ 0ವರೆಗೆ ಬಾಗು, ಅದಕ್ಕೂ ಮುಂಚೆ 968 ಎತ್ತರದಲ್ಲಿ ಸಮಮಟ್ಟದ ಚಿಕ್ಕ ತುಂಡು.

ಆ ಚಿಕ್ಕ ಮಟ್ಟದ ತುಂಡನ್ನು ಬೇಡ ಅಂತ ಕತ್ತರಿಸಬೇಡಿ. ಹಂತ 4ರಲ್ಲಿ ಪ್ರೊಫೈಲ್ ಕೂರುವುದೇ ಅಲ್ಲಿ.

ಬಾಗಿಗೆ 12 ಡಿಗ್ರಿ ಯಾಕೆ ಅಂದರೆ, ಒಳಗೆರೆಯಲ್ಲಿ ಅತಿ ಬಿಗಿಯಾದ ಜಾಗದಲ್ಲೂ ಬಾಗಿನ ತ್ರಿಜ್ಯ 220 ಮಿ.ಮೀ. ಮೇಲೆ ಸಿಗುತ್ತದೆ. ಜಾಗ ಇಲ್ಲ ಅಂತ ಅದನ್ನು 1 ಡಿಗ್ರಿಗೆ ಇಳಿಸಿದರೆ ತ್ರಿಜ್ಯ 19ಕ್ಕೆ ಬರುತ್ತದೆ. ಗೆರೆಯಿಂದ ಕೆಳಕ್ಕೆ 25 ಮಿ.ಮೀ. ಇಳಿಯುವ ಪ್ರೊಫೈಲ್ 19ರ ಬಾಗಿನಲ್ಲಿ ತಿರುಗಲಾರದು, ತನ್ನೊಳಗೇ ಮಡಚಿಕೊಳ್ಳುತ್ತದೆ. ಸುಕ್ಕು ಅಂತ ನೀವು ನೋಡುವುದು ಅದೇ.

## ಹಂತ 3: ಮೂರು ಗೆರೆಗಳನ್ನು ಒಂದೇ ಪಟ್ಟಿಯಿಂದ ಎಳೆಯಿರಿ

ಬರೀ ಇಳಿಜಾರು ಭಾಗಕ್ಕಾದರೆ `Helix` ಕಮಾಂಡ್ ಸಾಕು. ನಮಗೆ ಬಾಗುಗಳೂ ಬೇಕು. ಹಾಗಾಗಿ ಪ್ರತಿ 2 ಡಿಗ್ರಿಗೊಂದು ಬಿಂದು ಇಟ್ಟು, ಬಿಂದುಗಳ ಮೂಲಕ ಗೆರೆ ಹಾಯಿಸುವುದು ನಂಬಿಕಸ್ಥ ದಾರಿ. ಕೈಯಲ್ಲಿ ಬೇಸರದ ಕೆಲಸ, ಸಣ್ಣ ಪೈಥಾನ್ ಸ್ಕ್ರಿಪ್ಟಿಗೆ ಕ್ಷಣದ್ದು. `EditPythonScript` ಅಂತ ಟೈಪ್ ಮಾಡಿ (ರೈನೋ 8ರಲ್ಲಿ `ScriptEditor` ಕೂಡ ಆಗುತ್ತದೆ), ಇದನ್ನು ಹಾಕಿ ಓಡಿಸಿ:

```python
import math
import rhinoscriptsyntax as rs

M = 17.0
E = 12.0

def z(a):
    if a < -E:
        return 968.0
    if a < 0:
        return 968.0 + M*(a+E)**2/(2*E)
    if a <= 170:
        return 1070.0 + M*a
    u = min(a-170, E)
    return 3960.0 + M*u - M*u*u/(2*E)

for r in (1020, 1050, 1080):
    pts = []
    for a in range(-20, 192, 2):
        t = math.radians(a)
        pts.append((r*math.cos(t), r*math.sin(t), z(a)))
    rs.AddInterpCurve(pts, 3, 0)
```

`M` ಅಂದರೆ ಡಿಗ್ರಿಗೆ ಏರಿಕೆ, `E` ಅಂದರೆ ಬಾಗಿನ ಉದ್ದ ಡಿಗ್ರಿಯಲ್ಲಿ. `z` ಅನ್ನುವುದೇ ನಮ್ಮ ಎತ್ತರದ ಪಟ್ಟಿ, ಅದಕ್ಕೆ ತ್ರಿಜ್ಯ ಗೊತ್ತೇ ಇಲ್ಲ. ಹಾಗಾಗಿ ಮೂರು ಗೆರೆಯೂ ಪ್ರತಿ ಕೋನದಲ್ಲಿ ಒಂದೇ ಎತ್ತರಕ್ಕೆ ಬರುತ್ತವೆ. ಕೊನೆಯ ಸಾಲಿನ `0` ಮರೆಯಬೇಡಿ. ಬಿಂದುಗಳನ್ನು ಸಮ ಅಂತರದವು ಅಂತ ಎಣಿಸು ಅಂತ ಅದು ಹೇಳುತ್ತದೆ, ಅದರಿಂದ ಮೂರು ಗೆರೆಗಳ ಒಳರಚನೆಯೂ ಒಂದೇ ಆಗುತ್ತದೆ. ನಿಮ್ಮ ಅಳತೆ ಬೇರೆಯಾದರೆ 968, 1070, 170, 3960, ಮೂರು ತ್ರಿಜ್ಯಗಳು, `range`ನಲ್ಲಿರುವ 192 ಇವನ್ನೂ ಬದಲಾಯಿಸಬೇಕು. ಬರೀ `M` ಬದಲಾಯಿಸಿ ಬಿಟ್ಟರೆ ಗೆರೆ ಮಧ್ಯದಲ್ಲಿ ಹಾರುತ್ತದೆ. ಮೆಟ್ಟಿಲು ಹತ್ತುವಾಗ ಬಲಕ್ಕೆ ಸುತ್ತುವುದಾದರೆ ಗೆರೆ ಬಂದ ಮೇಲೆ `Mirror` ಮಾಡಿ.

ಮೆಟ್ಟಿಲು ವೃತ್ತವೇ ಅಲ್ಲ, ಮೊಟ್ಟೆಯಾಕಾರ ಅಥವಾ ಬೇರೆ ಯಾವುದೋ ಬಾಗು ಅನ್ನುವವರಿಗೆ: ಪ್ಲಾನಿನಲ್ಲಿ ನಡುಗೆರೆ ಎಳೆದು ಎರಡೂ ಕಡೆ 30ರಂತೆ `Offset` ಮಾಡಿ (ಪ್ಲಾನ್ ಸಮತಟ್ಟು, ಇಲ್ಲಿ ಅದು ಸರಿ). ನಡುಗೆರೆಗೆ ಅಡ್ಡಲಾಗಿ ಲಂಬ ಗೆರೆಗಳನ್ನು ಹಾಕಿ. ಪ್ರತಿ ಲಂಬ ಗೆರೆ ಒಳಗೆರೆ-ಹೊರಗೆರೆಗಳನ್ನು ದಾಟುವ ಎರಡೂ ಬಿಂದುಗಳನ್ನು ಒಂದೇ ಎತ್ತರಕ್ಕೆ ಎತ್ತಿ. ಆಮೇಲೆ `InterpCrv`. ತತ್ವ ಅದೇ.

## ಹಂತ 4: ಪ್ರೊಫೈಲನ್ನು ಸರಿಯಾದ ಪ್ಲೇನಿನಲ್ಲಿ ಬರೆಯಿರಿ

ಇಲ್ಲಿ ನಾನೇ ಒಮ್ಮೆ ಮರ ಹಾಳು ಮಾಡಿದ್ದೇನೆ. ಸಾಗುವಾನಿ ರೈಲು. ಗೆರೆ ನೇರವಾಗಿ ಇಳಿಜಾರಿನಿಂದಲೇ ಶುರುವಾಗಿತ್ತು. ನಾನು ಎಂದಿನಂತೆ ನೆಟ್ಟಗೆ ನಿಂತ ಪ್ಲೇನಿನಲ್ಲಿ 60 × 45ರ ಪ್ರೊಫೈಲ್ ಬರೆದು ಸ್ವೀಪ್ ಮಾಡಿ ಕೊಟ್ಟೆ. ಮೊದಲ ತುಂಡು ಕೊರೆದ ಬಡಗಿ ಅದನ್ನು ಮುಷ್ಟಿಯಲ್ಲಿ ಹಿಡಿದು ನೋಡಿ, "ಸಾರ್, ಇದು ಕೈಗೆ ತುಂಬ್ತಾ ಇಲ್ಲ" ಅಂದರು. ಕ್ಯಾಲಿಪರ್ ಇಟ್ಟರೆ ದಪ್ಪ 33 ಮಿ.ಮೀ.!

ಕಾರಣ ಸರಳ. ನೆಟ್ಟಗೆ ಬರೆದ 45 ನೆಟ್ಟಗೆ ಅಳೆದಾಗ ಮಾತ್ರ 45. ಕೈ ಹಿಡಿಯುವುದು ರೈಲಿನ ದಾರಿಗೆ ಅಡ್ಡಲಾಗಿ. 42.9 ಡಿಗ್ರಿ ಇಳಿಜಾರಿನಲ್ಲಿ ಅಡ್ಡ ದಪ್ಪ ಸುಮಾರು ಮುಕ್ಕಾಲು ಭಾಗಕ್ಕೆ ಇಳಿಯುತ್ತದೆ. ಸೌತೆಕಾಯಿಯನ್ನು ಓರೆಯಾಗಿ ಕೊಯ್ದರೆ ಬಿಲ್ಲೆ ಉದ್ದ ಕಾಣುತ್ತದೆ, ಕಾಯಿ ಮಾತ್ರ ಸಣ್ಣದೇ. ಓರೆ ಬಿಲ್ಲೆಯ ಅಳತೆಯನ್ನು ಕಾಯಿಯ ದಪ್ಪ ಅಂತ ಕೊಟ್ಟಿದ್ದೆ ನಾನು.

ಅದಕ್ಕೇ ಪ್ರೊಫೈಲನ್ನು ಮಟ್ಟದ ತುಂಡಿನ ತುದಿಯಲ್ಲಿ ಬರೆಯುವುದು. ಅಲ್ಲಿ ದಾರಿ ಮಟ್ಟ ಇರುವುದರಿಂದ ನೆಟ್ಟಗಿನ ಪ್ಲೇನೂ ದಾರಿಗೆ ಅಡ್ಡ ಪ್ಲೇನೂ ಒಂದೇ. ತಪ್ಪಲು ಸಾಧ್ಯವೇ ಇಲ್ಲ. `CPlane` ಕೊಟ್ಟು `3Point` ಆರಿಸಿ. ಮೊದಲ ಬಿಂದು ನಡುಗೆರೆಯ ಕೆಳತುದಿ, ಎರಡನೆಯದು ಹೊರಗೆರೆಯ ಕೆಳತುದಿ, ಮೂರನೆಯದು ನೆಟ್ಟಗೆ ಮೇಲೆ ಎಲ್ಲಾದರೂ. ಮೊದಲ ಎರಡಕ್ಕೂ `End` ಸ್ನ್ಯಾಪ್ ಇಟ್ಟುಕೊಳ್ಳಿ.

ಪ್ರೊಫೈಲ್ ಹೀಗೆ: ಅತಿ ಅಗಲದ ಎರಡು ಬಿಂದುಗಳು ಸರಿಯಾಗಿ ಒಳಗೆರೆ ಮತ್ತು ಹೊರಗೆರೆಯ ತುದಿಯ ಮೇಲೆ ಕೂರಬೇಕು. ಅವುಗಳ ಮೇಲೆ 30 × 20ರ ಅರ್ಧ ದೀರ್ಘವೃತ್ತ, ಅಂಗೈ ಕೂರುವ ಭಾಗ. ಕೆಳಗೆ ಎರಡೂ ಪಕ್ಕ 25 ನೇರ ಇಳಿದು ಮಟ್ಟದ ತಳ, ಕೆಳಮೂಲೆಗಳಿಗೆ 8ರ `Fillet`. `Join` ಮಾಡಿ ಒಂದೇ ಮುಚ್ಚಿದ ಗೆರೆ ಮಾಡಿಕೊಳ್ಳಿ. `CrvSeam` ಕೊಟ್ಟು ಸೀಮನ್ನು ತಳದ ನಡುವಿಗೆ ಎಳೆಯಿರಿ, ಅಂಗೈ ಕಡೆ ಜೋಡಣೆಯ ಗೆರೆ ಬರಬಾರದು.

ಎತ್ತರದ ಬಗ್ಗೆ ಒಂದು ಎಚ್ಚರ. 900 ಅಂತ ನಾವು ಇಟ್ಟಿದ್ದು ಗೈಡ್ ಗೆರೆಗೆ. ರೈಲಿನ ನೆತ್ತಿ ಅದಕ್ಕಿಂತ ಮೇಲಿದೆ. ಮಟ್ಟದಲ್ಲಿ 20 ಮೇಲೆ, ಇಳಿಜಾರಿನಲ್ಲಿ ನೆಟ್ಟಗೆ ಅಳೆದರೆ 27 ಮೇಲೆ. ನೆತ್ತಿಯೇ 900ಕ್ಕೆ ಬರಬೇಕಾದರೆ ಸ್ಕ್ರಿಪ್ಟಿನ ಮೂರೂ ಎತ್ತರಗಳಿಂದ 27 ಕಳೆಯಿರಿ.

## ಹಂತ 5: ಸ್ವೀಪ್

`Sweep2` ಟೈಪ್ ಮಾಡಿ. ಒಳಗೆರೆಯನ್ನು ಅದರ ಕೆಳತುದಿಯ ಹತ್ತಿರ ಕ್ಲಿಕ್ ಮಾಡಿ. ಹೊರಗೆರೆಯನ್ನೂ ಕೆಳತುದಿಯ ಹತ್ತಿರವೇ. ಒಂದನ್ನು ಕೆಳಗೆ, ಒಂದನ್ನು ಮೇಲೆ ಕ್ಲಿಕ್ ಮಾಡುವ ಅಭ್ಯಾಸ ಬೇಡ. ನಡುಗೆರೆಯನ್ನು ಮುಟ್ಟಬೇಡಿ, ಅದು ಅಳತೆಗೆ ಮಾತ್ರ. ಆಮೇಲೆ ಪ್ರೊಫೈಲ್, ಎಂಟರ್. ಸೀಮ್ ಬಾಣ ತಳದ ನಡುವಲ್ಲೇ ಇದೆಯಾ ನೋಡಿ ಮತ್ತೆ ಎಂಟರ್.

ಬರುವ ಪೆಟ್ಟಿಗೆಯಲ್ಲಿ `Do not change cross sections` ಇರಲಿ. `Refit` ಆರಿಸಿದರೆ ಮೇಲ್ಮೈ ಹಗುರವಾಗುತ್ತದೆ ನಿಜ, ಜೊತೆಗೆ ಪ್ರೊಫೈಲೂ ಚೂರು ಬದಲಾಗುತ್ತದೆ. `Maintain height` ಟಿಕ್ ಮಾಡಿ. ನಮ್ಮ ಗೆರೆಗಳ ಅಂತರ ಎಲ್ಲೆಡೆ 60 ಇರುವುದರಿಂದ ಇಲ್ಲಿ ಅದರಿಂದ ಏನೂ ಬದಲಾಗಲ್ಲ. ಆದರೆ ನಾಳೆ ಯಾರಾದರೂ ಕೆಳತುದಿಯನ್ನು ಅಗಲ ಮಾಡಿ ಅಂದರೆ, ಟಿಕ್ ಇಲ್ಲದಿದ್ದಲ್ಲಿ ಅಗಲದ ಜೊತೆಗೆ ದಪ್ಪವೂ ಉಬ್ಬುತ್ತದೆ. `Closed sweep` ಖಾಲಿ ಇರಲಿ. ಓಕೆ ಕೊಟ್ಟು, ತುದಿಗಳನ್ನು `Cap` ಮಾಡಿ.

ಒಂದೇ ಗೆರೆಯ `Sweep1` ಸಾಕಲ್ವಾ ಅಂತ ಕೇಳುತ್ತಾರೆ. ಸಾಕಾಗಬಹುದು, ಆದರೆ ಅದರ `Freeform` ಅನ್ನುವ ಆಯ್ಕೆಯಲ್ಲಿ ಅಲ್ಲ. ಪ್ರೊಫೈಲನ್ನು ದಾರಿಗೆ ಅಂಟಿಸಿ, ಆದಷ್ಟು ಕಡಿಮೆ ತಿರುಚುತ್ತಾ ತೆಗೆದುಕೊಂಡು ಹೋದರೆ, ಏರುವ ಸುರುಳಿಯಲ್ಲಿ ಅದು ಮಟ್ಟ ಉಳಿಯುವುದಿಲ್ಲ. ಎಷ್ಟು ವಾಲುತ್ತದೆ ಅನ್ನುವುದಕ್ಕೆ ಲೆಕ್ಕವೇ ಇದೆ: ಸುತ್ತಿದ ಕೋನವನ್ನು ಇಳಿಜಾರಿನ ಸೈನಿನಿಂದ ಗುಣಿಸಿ. ನಮ್ಮ ಮೆಟ್ಟಿಲಿಗೆ 170 × 0.68, ಅಂದರೆ ಸುಮಾರು 116 ಡಿಗ್ರಿ. ಕೆಳಗೆ ಆಕಾಶ ನೋಡುತ್ತಿದ್ದ ನೆತ್ತಿ ಮೇಲೆ ಬರುವಷ್ಟರಲ್ಲಿ ಪಕ್ಕಕ್ಕೆ ತಿರುಗಿ, ಅದನ್ನೂ ದಾಟಿ ನೆಲದ ಕಡೆ ವಾಲಿರುತ್ತದೆ. ಮೊದಲಲ್ಲಿ ಹೇಳಿದ ಮಗುಚುವ ರೈಲು ಇದೇ. `Sweep1`ನಲ್ಲೇ `Roadlike Top` ಕೊಟ್ಟರೆ ಪ್ರೊಫೈಲ್ ಮಟ್ಟ ಬಿಡುವುದಿಲ್ಲ. ನಾನು ನಡುಗೆರೆಯ ಮೇಲೆ ಅದನ್ನೂ ಒಂದು ಸಲ ಮಾಡಿ, ಬೇರೆ ಬಣ್ಣ ಕೊಟ್ಟು `Sweep2`ರ ಮೇಲೆ ಇಟ್ಟು ನೋಡುತ್ತೇನೆ. ಎರಡೂ ಒಂದರೊಳಗೊಂದು ಕೂತರೆ ಗೆರೆಗಳು ಸರಿ ಇವೆ ಅಂತ. ಆದರೂ ಕೊನೆಗೆ ಇಟ್ಟುಕೊಳ್ಳುವುದು ಎರಡು ಗೆರೆಯದ್ದೇ. ಕೆಳಗಿನ ಗಾಜು ಅಥವಾ ಪಟ್ಟಿ ಕೂರುವುದು ರೈಲಿನ ಅಂಚನ್ನು ನೆಚ್ಚಿಕೊಂಡು, ಆ ಅಂಚು ನನ್ನ ಹಿಡಿತದಲ್ಲಿರಬೇಕು.

## ಹಂತ 6: ನಂಬುವ ಮುಂಚೆ ಅಳೆಯಿರಿ

ಮೊದಲ ಪರೀಕ್ಷೆ ಕಣ್ಣಿನದು. ಟಾಪ್ ವ್ಯೂಗೆ ಹೋಗಿ. ರೈಲಿನ ಎರಡು ಅಂಚು ಎರಡು ವೃತ್ತದ ಭಾಗಗಳಾಗಿ, ಕೆಳಗಿನಿಂದ ಮೇಲಿನವರೆಗೆ ಒಂದೇ ಅಂತರದಲ್ಲಿ ಕಾಣಬೇಕು. 1020 ಮತ್ತು 1080ರ ವೃತ್ತ ಎಳೆದು ಹೋಲಿಸಿ. ಎಲ್ಲೋ ಒಂದು ಕಡೆ ಪಟ್ಟಿ ಕಿರಿದಾಗಿದೆ ಅಂದರೆ ಅಲ್ಲಿ ರೈಲು ವಾಲಿದೆ, ಬೇರೆ ಕಾರಣ ಹುಡುಕಬೇಡಿ.

ಎರಡನೆಯದು ಕೊಯ್ದು ನೋಡುವುದು. `CPlane` ಕೊಟ್ಟು ಈ ಸಲ `Curve` ಆರಿಸಿ, ನಡುಗೆರೆಯ ಮಧ್ಯದಲ್ಲಿ ಬಿಂದು ಇಡಿ. ಪ್ಲೇನ್ ತಾನಾಗಿ ದಾರಿಗೆ ಅಡ್ಡ ನಿಲ್ಲುತ್ತದೆ. ಆ ಪ್ಲೇನಿನಲ್ಲಿ `PlanarSrf` ಮಾಡಿದ ಒಂದು ದೊಡ್ಡ ಚೌಕ ಇಟ್ಟು `Intersect` ಕೊಡಿ. ಸಿಗುವ ಗೆರೆಯನ್ನು `Distance`ನಿಂದ ಅಳೆಯಿರಿ: ಅಗಲ 60, ಎತ್ತರ 45 ಬರಬೇಕು. ಎತ್ತರ 33ರ ಆಸುಪಾಸು ಬಂದರೆ ಪ್ರೊಫೈಲ್ ಇಳಿಜಾರಿನ ಮೇಲೆ ನೆಟ್ಟಗೆ ಕೂತಿದೆ, ಹಂತ 4ಕ್ಕೆ ವಾಪಸ್. ಅಗಲ ಸರಿಯಿದ್ದು ಆಕಾರ ಓರೆಯಾಗಿದ್ದರೆ ಎರಡು ಗೆರೆಯ ಎತ್ತರ ಹೊಂದಿಲ್ಲ. ಮಧ್ಯದಲ್ಲಿ ಒಂದು, ಎರಡೂ ಬಾಗುಗಳಲ್ಲಿ ಒಂದೊಂದು, ಹೀಗೆ ಮೂರು ಕಡೆ ಕೊಯ್ದು ನೋಡಿ. ಮಧ್ಯದಲ್ಲಿ ಮಾತ್ರ ನೋಡಿ ಸರಿ ಅಂದುಕೊಳ್ಳಬೇಡಿ, ತಪ್ಪುಗಳು ಅಡಗಿರುವುದು ಬಾಗುಗಳಲ್ಲಿ.

ಮೂರನೆಯದು `Zebra`. ಪಟ್ಟೆಗಳು ಬಾಗಿನ ಶುರುವಿನಲ್ಲಿ ತುಂಡಾಗಿ ಆಚೀಚೆ ಜರುಗಿದ್ದರೆ ಅಲ್ಲಿ ಮುರಿವಿದೆ, ಹಂತ 2ರ ಎತ್ತರಗಳಲ್ಲಿ ಯಾವುದೋ ಒಂದು ತಪ್ಪಾಗಿದೆ. ಪಟ್ಟೆ ಕೂಡಿಕೊಂಡೇ ಇದ್ದು ಸ್ವಲ್ಪ ಮೊನಚಾಗಿ ತಿರುಗಿದರೆ ಚಿಂತೆ ಬೇಡ. ನಮ್ಮ ಬಾಗು ಇಳಿಜಾರಿಗೆ ನಯವಾಗಿ ಸೇರುತ್ತದೆ, ಆದರೆ ಬಾಗಿನ ಬಿಗಿ ಅಲ್ಲಿ ತಟ್ಟನೆ ಬದಲಾಗುತ್ತದೆ, ಪಟ್ಟೆ ತೋರಿಸುವುದು ಅದನ್ನೇ. ಮರಕ್ಕೆ ಉಪ್ಪುಕಾಗದ ಹಾಕುವಾಗ ಅದು ಹೋಗುತ್ತದೆ.

ಕೊನೆಗೆ `What` ಕೊಟ್ಟು closed solid polysurface ಅಂತ ಬರುತ್ತದಾ ನೋಡಿ. ಬರದಿದ್ದರೆ `ShowEdges`ನಲ್ಲಿ `Naked edges` ತೋರಿಸಿ, ಬಿಟ್ಟ ಜಾಗ ಬಣ್ಣದಲ್ಲಿ ಕಾಣುತ್ತದೆ.

## ಹಂತ 7: ಮರಕ್ಕೆ ಹೋಗುವ ಮುಂಚೆ ತುಂಡು ಮಾಡುವುದು

ಇಳಿಜಾರು ಭಾಗವೇ ನಡುಗೆರೆಯಲ್ಲಿ ಸುಮಾರು 4250 ಮಿ.ಮೀ. ಉದ್ದ. ಒಂದೇ ಮರದಲ್ಲಿ ಬರುವುದಿಲ್ಲ. ಸಿಎನ್‌ಸಿಗೆ ಕೊಡಲಿ, ಕೈಯಲ್ಲಿ ಕೆತ್ತಲಿ, ತುಂಡು ಮಾಡಲೇಬೇಕು. ಕೊಯ್ಯುವ ಪ್ಲೇನ್ ದಾರಿಗೆ ಅಡ್ಡವಾಗಿರಬೇಕು, ಅಂದರೆ ಮತ್ತೆ `CPlane` ಮತ್ತು `Curve`. ನೆಟ್ಟಗೆ ಕೊಯ್ದರೆ ಜೋಡಣೆಯ ಮುಖ ಓರೆಯಾಗಿ ಉದ್ದವಾಗುತ್ತದೆ, ತುದಿ ಚೂಪಾಗಿ ಚಕ್ಕೆ ಏಳುತ್ತದೆ.

ತುಂಡಿನ ಉದ್ದವನ್ನು ಮರದ ಅಳತೆಯೇ ಹೇಳುತ್ತದೆ. 20 ಡಿಗ್ರಿಯ ಒಂದು ತುಂಡು ನಡುಗೆರೆಯಲ್ಲಿ 500 ಮಿ.ಮೀ. ಉದ್ದ. ಅದು ಬಾಗಿದೆ, ಜೊತೆಗೆ ತಿರುಗುತ್ತಾ ಏರುತ್ತದೆ. ಹಾಗಾಗಿ 60 × 45ರ ರೈಲಿಗೆ 60 × 45ರ ಮರ ಸಾಲದು. ನನ್ನ ಲೆಕ್ಕಕ್ಕೆ ಈ ತುಂಡಿಗೆ ಸುಮಾರು 80 ಅಗಲ, 55 ದಪ್ಪ ಬೇಕು, ಅದೂ ಹತ್ತರಿ ಹೊಡೆಯುವ ಬಾಬ್ತು ಬಿಟ್ಟು. ಮೂರಿಂಚಿನ ಮರ ಅಂದರೆ 76, ಕೂದಲೆಳೆಯಲ್ಲಿ ತಪ್ಪುತ್ತದೆ. ಇರುವುದು ಮೂರಿಂಚಿನದೇ ಆದರೆ ತುಂಡನ್ನು 15 ಡಿಗ್ರಿಗೆ ಇಳಿಸಿ. ನಿಮ್ಮ ಅಳತೆಗೆ ಎಷ್ಟು ಅಂತ ತಿಳಿಯಲು ತುಂಡಿನ ಮಧ್ಯದಲ್ಲಿ `CPlane` ಇಟ್ಟು `BoundingBox` ಕೊಡಿ, ಅದರ `CoordinateSystem` ಅನ್ನು `CPlane`ಗೆ ಬದಲಾಯಿಸಿ. ವರ್ಲ್ಡ್ ಅಂತಲೇ ಬಿಟ್ಟರೆ ಓರೆ ತುಂಡಿಗೆ ನೆಟ್ಟಗಿನ ಪೆಟ್ಟಿಗೆ ಬರುತ್ತದೆ, ಮರದ ಲೆಕ್ಕ ಎಲ್ಲೋ ಹೋಗುತ್ತದೆ.

ಬಾಗು ಇರುವ ಎರಡು ತುದಿಗಳನ್ನು ಬೇರೆ ತುಂಡಾಗಿಯೇ ಇಡಿ, ಜೋಡಣೆ ಬಾಗಿನ ಮಧ್ಯೆ ಬರುವುದು ಬೇಡ. ಬಾಗು ಮುಗಿದು 2 ಡಿಗ್ರಿ ದಾಟಿದ ಮೇಲೆ ಕೊಯ್ಯಿರಿ. ಇಳಿಜಾರಿನ ತುಂಡುಗಳೆಲ್ಲ ಒಂದರಂತೆ ಒಂದು ಇರುತ್ತವೆ, ಸುರುಳಿಯ ಗುಣವೇ ಅದು. ಬಡಗಿಗೆ ಒಂದೇ ಅಚ್ಚು ಸಾಕು. ಆದರೆ ತಲೆಕೆಳಗು ಮಾಡಿದರೆ ಕೂರುವುದಿಲ್ಲ, ನೆತ್ತಿ ಅಡಿಗೆ ಹೋಗುತ್ತದೆ. ಹಾಗಾಗಿ ಪ್ರತಿ ತುಂಡಿನ ತಳದ ಮುಖದ ಮೇಲೆ ನಂಬರ್ ಹಾಕಿ, ಹತ್ತುವ ದಿಕ್ಕಿಗೆ ಬಾಣ ಹಾಕಿ. ಕೊಯ್ದ ಮುಖದ 60 × 45ರ ಆಕಾರವನ್ನು ಒಂದಕ್ಕೊಂದು ಅಳತೆಯಲ್ಲಿ ಪ್ರಿಂಟ್ ತೆಗೆದು ರಟ್ಟಿಗೆ ಅಂಟಿಸಿ ಕತ್ತರಿಸಿ ಬಡಗಿಯ ಕೈಗೆ ಕೊಡಿ. ಮೊದಲ ತುಂಡಿನ ಎರಡೂ ತುದಿಗೆ ಆ ರಟ್ಟು ಸರಿಯಾಗಿ ಕೂತ ಮೇಲೆಯೇ ಎರಡನೆಯದಕ್ಕೆ ಗರಗಸ ಇಡಲು ಹೇಳಿ.